ವೇಪ್, ಎನರ್ಜಿ ಡ್ರಿಂಕ್ ಬಗ್ಗೆ ಅಸೆಂಬ್ಲಿ ಭಾಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡೊಂಬಿವಲಿಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ ಬೆಳಗಿನ ಅಸೆಂಬ್ಲಿಯಲ್ಲಿ ವೇಪ್, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು, ಮತ್ತು ಎನರ್ಜಿ ಡ್ರಿಂಕ್ ಬಗ್ಗೆ ಮಾತಾಡುತ್ತೇನೆ. ಮುಂಬಯಿ, ಠಾಣೆ, ಪುಣೆ ಕಡೆಯ ಬೇರೆ ಕನ್ನಡ ಶಾಲೆಗಳ ಟೀಚರ್‌ಗಳು ಭಾಷಣದ ಪ್ರತಿ ಕೇಳುತ್ತಾರೆ. ಆಮೇಲೆ ಫೋನ್ ಮಾಡಿ, ಮಕ್ಕಳು ಹೀಗೆ ಕೇಳಿದರು, ಏನು ಹೇಳಲಿ ಅನ್ನುತ್ತಾರೆ. ಅಂಥ ಪ್ರಶ್ನೆಗಳೆಲ್ಲ ಇಲ್ಲಿವೆ.

ವೇಪ್ ಬೇರೆ, ಎನರ್ಜಿ ಡ್ರಿಂಕ್ ಬೇರೆ. ಎರಡನ್ನೂ ಒಂದೇ ಭಾಷಣಕ್ಕೆ ಯಾಕೆ ಸೇರಿಸುತ್ತೀರಿ?

ಒಂದು ಕಾನೂನಿನ ಪ್ರಕಾರ ನಿಷಿದ್ಧ, ಇನ್ನೊಂದು ಕಿರಾಣಿ ಅಂಗಡಿಯ ಫ್ರಿಜ್‌ನಲ್ಲೇ ಸಿಗುತ್ತದೆ. ಒಂದರಲ್ಲಿ ನಿಕೋಟಿನ್, ಇನ್ನೊಂದರಲ್ಲಿ ಕೆಫೀನ್. ಹಾಗೆ ನೋಡಿದರೆ ಬೇರೆ ಬೇರೆಯೇ. ಆದರೆ ಮಕ್ಕಳ ದಿನಚರಿಯಲ್ಲಿ ಎರಡೂ ಒಂದೇ ಜಾಗಕ್ಕೆ ಬಂದು ಕೂರುತ್ತವೆ. ಆ ಜಾಗ ನಿದ್ದೆ.

ಕೆಫೀನ್ ನಿದ್ದೆಯನ್ನು ಮುಂದೆ ತಳ್ಳುತ್ತದೆ. ನಿಕೋಟಿನ್ ಕೂಡ ಎಚ್ಚರ ಇಡುವ ವಸ್ತುವೇ. ರಾತ್ರಿ ನಿದ್ದೆ ಕೆಟ್ಟರೆ ಬೆಳಗ್ಗೆ ತಲೆ ಓಡುವುದಿಲ್ಲ, ಸುಮ್ನೆ ಸಿಟ್ಟು ಬರುತ್ತದೆ. ಅದಕ್ಕೆ ಮತ್ತೆ ಒಂದು ಬಾಟಲಿ, ಮತ್ತೆ ಎರಡು ಪಫ್. ಇದು ಕ್ಯಾನ್ಸರ್‌ನ ಹಾಗೆ ಮೂವತ್ತು ವರ್ಷ ಆದಮೇಲಿನ ಮಾತಲ್ಲ, ಮುಂದಿನ ವಾರದ ಯುನಿಟ್ ಟೆಸ್ಟ್‌ನ ಮಾತು. ಹದಿನಾಲ್ಕರ ಹುಡುಗನಿಗೆ ಮೂವತ್ತು ವರ್ಷ ಅಂದರೆ ಮುಂದಿನ ಜನ್ಮ ಇದ್ದಹಾಗೆ. ಹಾಗಾಗಿ ನನ್ನ ಭಾಷಣ ನಿದ್ದೆಯಿಂದಲೇ ಶುರುವಾಗುತ್ತದೆ.

ಐದು ನಿಮಿಷದ ಭಾಷಣದ ಪ್ರತಿ ಕೊಡ್ತೀರಾ?

ಹೋದ ಸಲ ಆಡಿದ್ದು ಇದು. ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

"ಮಕ್ಕಳೇ, ನಿನ್ನೆ ರಾತ್ರಿ ಹನ್ನೆರಡು ಗಂಟೆ ಆದಮೇಲೆ ಮಲಗಿದವರು ಕೈ ಎತ್ತಿ. ನಾನು ಬೈಯುವುದಿಲ್ಲ. ಸರಿ, ಇಳಿಸಿ.

ನೀವು ಲೋಕಲ್‌ನಲ್ಲಿ ಸೀಟಿನ ಮೇಲೆ ಕರ್ಚೀಫ್ ಹಾಕಿ ಜಾಗ ಹಿಡಿಯುವವರನ್ನು ನೋಡಿದ್ದೀರಿ, ಅಲ್ವಾ? ದಿನವಿಡೀ ಕೆಲಸ ಮಾಡಿದ ಮೆದುಳಿನಲ್ಲಿ ಅಡೆನೋಸಿನ್ ಅಂತ ಒಂದು ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಕೂತರೆ ನಮಗೆ ನಿದ್ದೆ ಬರುತ್ತದೆ. ಕೆಫೀನ್ ಆ ಸೀಟಿನ ಮೇಲೆ ಕರ್ಚೀಫ್ ಹಾಕುತ್ತದೆ, ಅಷ್ಟೇ. ಆಯಾಸ ಹೋಗಿಲ್ಲ, ಬಾಗಿಲ ಹತ್ತಿರ ನಿಂತಿದೆ. ಹೊತ್ತು ಹೋದಹಾಗೆ ಇನ್ನೂ ಜನ ಹತ್ತುತ್ತಿದ್ದಾರೆ. ಕರ್ಚೀಫ್ ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ಕೂರಲು ನುಗ್ಗುತ್ತಾರೆ. ಅದಕ್ಕೇ ಮರುದಿನ ಮೂರನೇ ಪೀರಿಯಡ್‌ನಲ್ಲಿ ತಲೆ ಬೆಂಚಿಗೆ ಬೀಳುತ್ತದೆ. ಬಾಟಲಿಯ ಮೇಲೆ ಎನರ್ಜಿ ಅಂತ ಬರೆದಿದೆ. ಒಳಗೆ ಇರುವುದು ಸಕ್ಕರೆ ಮತ್ತು ಕರ್ಚೀಫ್.

ಈಗ ಎರಡನೇದು. ಬಿಲ್ಡಿಂಗ್‌ನ ಕಿಟಕಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕಿದ್ದೀರಾ? ಮೊದಲ ದಿನ ಎರಡು ಬರುತ್ತವೆ. ವಾರ ಕಳೆದರೆ ಇಪ್ಪತ್ತು. ಕಾಳು ಹಾಕದಿದ್ದರೆ ಗಾಜು ಕುಟ್ಟುತ್ತವೆ. ವೇಪ್‌ನ ನಿಕೋಟಿನ್ ಮೆದುಳಿನಲ್ಲಿ ಮಾಡುವುದು ಅದೇ. ಅದನ್ನು ಹಿಡಿಯುವ ಬಾಯಿಗಳು ಜಾಸ್ತಿ ಆಗುತ್ತವೆ. ನಿಮ್ಮ ಮೆದುಳು ಇನ್ನೂ ಕಟ್ಟುತ್ತಿರುವ ಕಟ್ಟಡ. ಇಪ್ಪತ್ತೈದರ ಹತ್ತಿರದವರೆಗೂ ಕೆಲಸ ನಡೆಯುತ್ತಲೇ ಇರುತ್ತದೆ. ಕಟ್ಟುವಾಗಲೇ ಗೋಡೆಯಲ್ಲಿ ಪಾರಿವಾಳಕ್ಕೆ ಗೂಡು ಬಿಟ್ಟರೆ, ಆಮೇಲೆ ಓಡಿಸುವುದು ಕಷ್ಟ.

ವೇಪ್ ಸೇದಿದರೆ ಟೆನ್ಷನ್ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಒಂದೇ ಪ್ರಶ್ನೆ ಕೇಳಿ: ಸೇದುವುದಕ್ಕಿಂತ ಮೊದಲು, ಹೋದ ವರ್ಷ, ನಿನಗೆ ಇಷ್ಟು ಟೆನ್ಷನ್ ಇತ್ತಾ?

ಯಾರಿಗಾದರೂ ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ಊಟದ ಬಿಡುವಿನಲ್ಲಿ ಲ್ಯಾಬ್‌ನಲ್ಲಿ ಇರುತ್ತೇನೆ. ಹೆಸರು ಬರೆದುಕೊಳ್ಳುವುದಿಲ್ಲ."

ಒಂದು ಬಾಟಲಿಯಿಂದ ಏನಾಗುತ್ತದೆ? ಲೆಕ್ಕ ತೋರಿಸಿ ಅಂತ ಹುಡುಗರು ಕೇಳುತ್ತಾರೆ.

ಕೇಳಲಿ, ಒಳ್ಳೆಯದೇ. ನಾನು ಬೋರ್ಡ್ ಮೇಲೆ ಮಾಡಿಸುತ್ತೇನೆ.

ನಮ್ಮ ದೇಶದಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಇಂಥ ಪಾನೀಯದ ಹೆಸರು ಕೆಫೀನ್‌ಯುಕ್ತ ಪಾನೀಯ. ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 300 ಹಿಡಿದರೆ 250 ಮಿ.ಲೀ. ಬಾಟಲಿಯಲ್ಲಿ 75 ಮಿ.ಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಇಟ್ಟಿರುವ ಮಿತಿ ದಿನಕ್ಕೆ ದೇಹತೂಕದ ಕಿಲೋಗೆ 3 ಮಿ.ಗ್ರಾಂ. ನಮ್ಮ ಒಂಬತ್ತನೇ ತರಗತಿಯ ಹುಡುಗ 45 ಕಿಲೋ ಅಂದುಕೊಳ್ಳಿ. ಅವನ ಮಿತಿ 135. ಒಂದು ಬಾಟಲಿಗೆ ಒಳಗೇ ಇದ್ದಾನೆ. ಎರಡನೆಯದಕ್ಕೆ 150, ಗೆರೆ ದಾಟಿದ.

ಇಲ್ಲಿ ಜಾಣ ಹುಡುಗ ಒಬ್ಬ ಇರುತ್ತಾನೆ, "ಹಾಗಾದರೆ ಒಂದು ಕುಡಿಯಬಹುದಲ್ಲ ಟೀಚರ್" ಅನ್ನುತ್ತಾನೆ. ಆಗ ಗಡಿಯಾರ ಬರೆಯುತ್ತೇನೆ. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಒಬ್ಬೊಬ್ಬರಲ್ಲಿ ಹೆಚ್ಚುಕಮ್ಮಿ. ಕ್ಲಾಸ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಓದಲು ಕೂತವನು ಒಂದು ಬಾಟಲಿ ಕುಡಿದ. ರಾತ್ರಿ ಎರಡು ಗಂಟೆಗೆ ಇನ್ನೂ 37 ಮಿ.ಗ್ರಾಂ ಓಡಾಡುತ್ತಿದೆ. ಎರಡಕ್ಕೆ ಮಲಗಿದ, ಏಳು ಗಂಟೆಯ ಶಾಲೆಗೆ ಐದೂ ಮುಕ್ಕಾಲಿಗೆ ಎದ್ದ. ನಿದ್ದೆ ನಾಲ್ಕು ಗಂಟೆಯೂ ಇಲ್ಲ. ಈ ವಯಸ್ಸಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸ ನಡೆಯುವುದೂ ನಿದ್ದೆಯಲ್ಲೇ. ಅಂದರೆ ರಾತ್ರಿ ಎರಡರವರೆಗೆ ಓದಿ, ಓದಿದ್ದನ್ನು ಉಳಿಸಿಕೊಳ್ಳುವ ನಿದ್ದೆಯಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಳೆದುಕೊಂಡ. ವ್ಯಾಪಾರ ಗೊತ್ತಿರುವ ಮನೆಯ ಮಕ್ಕಳು, ನಷ್ಟ ಎಲ್ಲಾಯಿತು ಅಂತ ತಾವೇ ಹೇಳುತ್ತಾರೆ.

ಮಧ್ಯಾಹ್ನ ನಿದ್ದೆ ತಡೆಯಲಾಗದೆ ಎರಡನೇ ಬಾಟಲಿ. ಅಲ್ಲಿಗೆ ಇಪ್ಪತ್ನಾಲ್ಕು ಗಂಟೆಯೊಳಗೆ 150 ಆಯಿತು. ಎರಡನೆಯದನ್ನು ಕುಡಿಸಿದ್ದು ಮೊದಲನೆಯದೇ.

ಸಕ್ಕರೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಹಿ ಇರುವ ಮಾಮೂಲಿ ಕ್ಯಾನ್‌ನಲ್ಲಿ 100 ಮಿ.ಲೀ.ಗೆ ಸುಮಾರು 11 ಗ್ರಾಂ. 250 ಮಿ.ಲೀ.ಗೆ ಐದು ಚಮಚ ತುಂಬಿ ಮೇಲೆ ಸ್ವಲ್ಪ. ಒಂದು ಸ್ಟೀಲ್ ಲೋಟಕ್ಕೆ ಮಕ್ಕಳ ಮುಂದೆಯೇ ಚಮಚದಲ್ಲಿ ಎಣಿಸಿ ಹಾಕಿ. ಮಾತು ಬೇಡ.

ನಾವೆಲ್ಲ ಸಣ್ಣವರಿದ್ದಾಗಿನಿಂದ ಕಾಫಿ ಕುಡಿದವರು. ಅದರಲ್ಲೂ ಕೆಫೀನ್ ಇದೆಯಲ್ಲ?

ಇದನ್ನು ಅಜ್ಜಂದಿರು ಕೇಳುತ್ತಾರೆ, ಲೋಟ ಕೈಯಲ್ಲಿ ಹಿಡಿದೇ. ಇದೆ, ಅದೇ ಕೆಫೀನ್. ಸುಳ್ಳು ಹೇಳಬೇಡಿ. ವ್ಯತ್ಯಾಸ ಇರುವುದು ಕುಡಿಯುವ ರೀತಿಯಲ್ಲಿ. ಮನೆಯಲ್ಲಿ ಮಕ್ಕಳಿಗೆ ಕೊಡುವುದು ಹಾಲಿಗೆ ಬಣ್ಣ ಬರುವಷ್ಟು ಡಿಕಾಕ್ಷನ್. ಬಿಸಿ ಇರುತ್ತದೆ, ಊದಿ ಊದಿ ಕುಡಿಯಬೇಕು. ಅಮ್ಮ ಎದುರಿಗೇ ಇರುತ್ತಾಳೆ, ಎರಡನೇ ಲೋಟ ಕೇಳಿದರೆ ಕಣ್ಣು ಬಿಡುತ್ತಾಳೆ. ಬಾಟಲಿ ತಣ್ಣಗಿದೆ, ಸಿಹಿಯಿದೆ, ಎರಡು ನಿಮಿಷದಲ್ಲಿ ಖಾಲಿ. ಕಹಿ ಇದ್ದಿದ್ದರೆ ನಾಲಿಗೆಯೇ ಸಾಕು ಅನ್ನುತ್ತಿತ್ತು.

ಅದರ ಜೊತೆಗೆ, ದಿನಕ್ಕೆ ಮೂರು ಲೋಟ ಗಟ್ಟಿ ಕಾಫಿ ಕುಡಿಯುವ ಹತ್ತನೇ ತರಗತಿಯ ಹುಡುಗಿಗೂ ಮೇಲಿನ ಲೆಕ್ಕವೇ ಅನ್ವಯಿಸುತ್ತದೆ. ನಮ್ಮ ಮನೆಯ ಫಿಲ್ಟರ್‌ಗೆ ವಿನಾಯಿತಿ ಇಲ್ಲ.

ಆಟದ ಮೊದಲು ಕುಡಿದರೆ ಶಕ್ತಿ ಬರುತ್ತದಂತೆ?

ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪನ್ನು ತುಂಬಲು ಮಾಡಿದ್ದು ಸ್ಪೋರ್ಟ್ಸ್ ಡ್ರಿಂಕ್. ಎನರ್ಜಿ ಡ್ರಿಂಕ್ ಅದಲ್ಲ. ಮಕ್ಕಳು ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಇಲ್ಲಿನ ಅಕ್ಟೋಬರ್ ಸೆಕೆಯಲ್ಲಿ ಓಡುವಾಗ ಎದೆಬಡಿತ ಹೇಗೂ ಏರಿರುತ್ತದೆ. ಅದರ ಮೇಲೆ ಕೆಫೀನ್ ಯಾಕೆ? ನೀರು, ಉಪ್ಪು ಹಾಕಿದ ನಿಂಬೆ ಶರಬತ್ತು ಸಾಕು.

ವೇಪ್‌ನಲ್ಲಿ ಬರುವುದು ಬರೀ ಹಬೆ ಅಲ್ವಾ?

ಹಬೆ ಅಂದರೆ ಇಡ್ಲಿ ಪಾತ್ರೆಯಿಂದ ಬರುವುದು. ಇದು ಅದಲ್ಲ. ಒಳಗೆ ಒಂದು ಬ್ಯಾಟರಿ, ಒಂದು ಲೋಹದ ಸುರುಳಿ, ಅದಕ್ಕೆ ಸುತ್ತಿದ ಹತ್ತಿ. ಹತ್ತಿ ಹೀರಿಕೊಂಡಿರುವ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ನಿಕೋಟಿನ್ ಇರುತ್ತವೆ. ಎಳೆದಾಗ ಸುರುಳಿ ಕಾದು ದ್ರವ ಸಣ್ಣ ಸಣ್ಣ ಹನಿಗಳಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗೆ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ಹೊಸ ವಸ್ತುಗಳು ಹುಟ್ಟಬಹುದು. ಸುರುಳಿಯಿಂದ ನಿಕಲ್, ಸೀಸದಂಥ ಲೋಹದ ಕಣಗಳೂ ಸೇರಬಹುದು. ಹಣ್ಣಿನ ಪರಿಮಳ ತಿನ್ನಲು ಸುರಕ್ಷಿತ ಅಂದರೆ ಉಸಿರಾಡಲೂ ಸುರಕ್ಷಿತ ಅಂತ ಅರ್ಥವಲ್ಲ. ಒಗ್ಗರಣೆ ಘಾಟು ಮೂಗಿಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಕೆಮ್ಮಿನ ಬಳಿ. ಮೊದಲ ಸಲ ಬೀಡಿ ಎಳೆದವನು ಕೆಮ್ಮುತ್ತಾನೆ, ಕಣ್ಣಲ್ಲಿ ನೀರು, ಕೆಲವರು ಅಲ್ಲೇ ಬಿಡುತ್ತಾರೆ. ನಿಕೋಟಿನ್ ಸ್ವಭಾವದಲ್ಲಿ ಕ್ಷಾರ, ಗಂಟಲು ಹಿಡಿಯುತ್ತದೆ. ದ್ರವ ತುಂಬಿಯೇ ಬರುವ ಈಗಿನ ಪಾಡ್‌ಗಳಲ್ಲಿ ಅದಕ್ಕೆ ಬೆಂಜೋಯಿಕ್ ಆಮ್ಲದಂಥ ಒಂದು ಆಮ್ಲ ಸೇರಿಸಿ ಲವಣ ಮಾಡುತ್ತಾರೆ. ಗಂಟಲಿಗೆ ನಯವಾಗುತ್ತದೆ. ವಿಜ್ಞಾನದ ಪುಸ್ತಕದಲ್ಲಿರುವ ಆಮ್ಲ, ಕ್ಷಾರ, ಲವಣದ ಪಾಠವೇ ಇದು. ನಯವಾದ ಕಾರಣಕ್ಕೇ ಅದನ್ನು ತುಂಬಾ ಗಟ್ಟಿಯಾಗಿ ತುಂಬಬಹುದು. 5 ಶೇಕಡಾ ಅಂತ ಬರೆದ ಪಾಡ್‌ನಲ್ಲಿ ಮಿಲಿಲೀಟರಿಗೆ ಸುಮಾರು 50 ಮಿ.ಗ್ರಾಂ ನಿಕೋಟಿನ್. ಯುರೋಪ್ ಒಕ್ಕೂಟದಲ್ಲಿ ದೊಡ್ಡವರಿಗೂ 20ಕ್ಕಿಂತ ಜಾಸ್ತಿ ಮಾರುವಂತಿಲ್ಲ.

ಇನ್ನೊಂದು ವಿಷಯ. ಸಿಗರೇಟಿಗೆ ಕೊನೆ ಇದೆ, ಬೆರಳು ಸುಡುತ್ತದೆ. ವೇಪ್‌ಗೆ ಕೊನೆ ಇಲ್ಲ. ಬಾತ್‌ರೂಮಿನಲ್ಲಿ ಎರಡು, ಚಾದರದೊಳಗೆ ನಾಲ್ಕು, ಎಷ್ಟಾಯಿತು ಅಂತ ಯಾರೂ ಎಣಿಸುವುದಿಲ್ಲ.

"ಸೇದಿದರೆ ಸಮಾಧಾನ ಆಗುತ್ತದೆ" ಅನ್ನುವ ಮಗುವಿಗೆ ಏನು ಹೇಳುವುದು?

ಅದು ಸುಳ್ಳಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನಿಸುತ್ತದೆ. ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ತಲುಪುತ್ತದೆ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ. ಇಳಿಯುತ್ತಿದ್ದ ಹಾಗೆ ಚಡಪಡಿಕೆ, ಸಿಟ್ಟು, ಓದಿದ್ದು ತಲೆಗೆ ಹೋಗದಿರುವುದು. ಮತ್ತೆ ಎಳೆದರೆ ಇದೆಲ್ಲ ಶಾಂತ. ಅವನು ಅದನ್ನು ಸಮಾಧಾನ ಅನ್ನುತ್ತಾನೆ. ಬಿಗಿಯಾದ ಚಪ್ಪಲಿ ಕಳಚಿದಾಗ ಆಗುವ ಸುಖ ಅದು. ಚಪ್ಪಲಿ ಹಾಕಿದ್ದು ಯಾರು?

ಎರಡು ವರ್ಷದ ಹಿಂದೆ ನನ್ನ ತರಗತಿಯ ಒಬ್ಬ ಹುಡುಗ ಎರಡು ಪೀರಿಯಡ್ ಆಗುತ್ತಿದ್ದಂತೆ ಶೌಚಕ್ಕೆ ಹೋಗಬೇಕು ಅಂತ ಕೇಳುತ್ತಿದ್ದ. ನಾನು ಸಕ್ಕರೆ ಕಾಯಿಲೆ ಇರಬಹುದು ಅಂತ ತಾಯಿಯನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದ್ದೆ! ಜಾಮೆಟ್ರಿ ಬಾಕ್ಸ್‌ನಲ್ಲಿ ಹೈಲೈಟರ್ ಪೆನ್ನಿನ ಹಾಗಿದ್ದದ್ದು ಏನು ಅಂತ ಗೊತ್ತಾಗಿದ್ದು ಮೂರು ತಿಂಗಳ ನಂತರ. ಹೊಗೆಯ ವಾಸನೆ ಇರಲಿಲ್ಲ, ಬಬಲ್‌ಗಮ್‌ನ ಹಾಗೆ ಏನೋ ತೇಲಿ ಹೋಗುತ್ತಿತ್ತು. ಈಗ ನಾನು ನೋಡುವುದು ಇಷ್ಟು: ಗಡಿಯಾರ ಹಿಡಿದಹಾಗೆ ಹೊರಗೆ ಹೋಗುವುದು, ಹೋಗಿ ಬಂದಮೇಲೆ ಬದಲಾಗುವ ಮುಖ, ಒಣಗಿದ ಬಾಯಿ, ಮತ್ತೆ ಮತ್ತೆ ನೀರು. ಯಾವುದೂ ಸಾಕ್ಷಿಯಲ್ಲ. ಪಕ್ಕದಲ್ಲಿ ಕೂತು ಮಾತಾಡಿಸಲು ನೆಪ, ಅಷ್ಟೇ.

ಸಿಗರೇಟಿಗಿಂತ ವೇಪ್ ವಾಸಿ ಅಂತ ಬ್ರಿಟನ್ ಡಾಕ್ಟರುಗಳೇ ಹೇಳಿದ್ದಾರೆ ಅನ್ನುತ್ತಾರೆ.

ಅಲ್ಲಿ ಹಾಗೆ ಹೇಳುವುದು ವರ್ಷಗಟ್ಟಲೆ ಸಿಗರೇಟು ಸೇದಿ ಬಿಡಲಾಗದ ದೊಡ್ಡವರಿಗೆ. ಸುಟ್ಟ ಹೊಗೆಗಿಂತ ಇದರಲ್ಲಿ ವಿಷ ಕಡಿಮೆ ಅನ್ನುವುದೂ ನಿಜ, ಒಪ್ಪಿಕೊಳ್ಳಿ. ಸಿಗರೇಟನ್ನೇ ಮುಟ್ಟದ ಹುಡುಗ ಹೋಲಿಸಿಕೊಳ್ಳಬೇಕಾದದ್ದು ಸಿಗರೇಟಿನ ಜೊತೆ ಅಲ್ಲ, ಬರೀ ಗಾಳಿಯ ಜೊತೆ. ನಾನು ಹೀಗೆ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ, "ಡೊಂಬಿವಲಿಯಲ್ಲಿ ಬರೀ ಗಾಳಿ ಎಲ್ಲಿದೆ ಟೀಚರ್?" ಅಂದ. ಎಂಐಡಿಸಿ ಕಾರ್ಖಾನೆಗಳ ಪಕ್ಕದ ಊರಿನಲ್ಲಿ ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ನಿಕೋಟಿನ್ ಇಲ್ಲದ್ದೂ ಸಿಗುತ್ತದಂತೆ?

ಹಾಗಂತ ಬರೆದಿರುತ್ತದೆ. ಕದ್ದು ಮಾರುವ ಮಾಲಿನ ಲೇಬಲ್ಲನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವವರು ಯಾರೂ ಇಲ್ಲ. ಕಾನೂನಿನಲ್ಲೂ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಅದು ಇ-ಸಿಗರೇಟೇ.

ಕಾನೂನು ಏನು ಹೇಳುತ್ತದೆ?

2019ರ ಇ-ಸಿಗರೇಟು ನಿಷೇಧ ಕಾಯ್ದೆಯ ಪ್ರಕಾರ ತಯಾರಿಕೆ, ಆಮದು, ಸಾಗಾಟ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಾಟ, ಹಂಚಿಕೆಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ದೋಸ್ತಿಗೆ ತಂದುಕೊಟ್ಟೆ ಅಷ್ಟೇ ಅನ್ನುವ ಮಕ್ಕಳಿಗೆ "ಹಂಚಿಕೆ" ಅನ್ನುವ ಪದ ತೋರಿಸುತ್ತೇನೆ. ಹೆದರಿಸಲು ಇದನ್ನು ಎಳೆಯಬೇಡಿ. ಪೊಲೀಸ್ ಅಂದ ಕೂಡಲೇ ಮಕ್ಕಳು ಬಾಯಿ ಮುಚ್ಚಿಬಿಡುತ್ತಾರೆ.

ಎನರ್ಜಿ ಡ್ರಿಂಕ್‌ಗೆ ಅಂಥ ನಿಷೇಧ ಇಲ್ಲ. ಮಕ್ಕಳಿಗೆ ಸೂಕ್ತವಲ್ಲ ಅಂತ ಬಾಟಲಿಯ ಮೇಲೆ ಬರೆಯಲೇಬೇಕು. ಬರೆದಿರುತ್ತಾರೆ, ಇರುವೆಗಾತ್ರದಲ್ಲಿ. ಶಾಲೆಗಳ 500 ಮೀಟರ್ ಒಳಗೆ ಕೆಫೀನ್ ಜಾಸ್ತಿ ಇರುವ ಪಾನೀಯ ಮಾರುವುದನ್ನು ತಡೆಯುತ್ತೇವೆ ಅಂತ 2024ರ ಜುಲೈನಲ್ಲಿ ಮಹಾರಾಷ್ಟ್ರದ ಸಚಿವರು ವಿಧಾನ ಪರಿಷತ್ತಿನಲ್ಲಿ ಹೇಳಿದ್ದರು. ನಮ್ಮ ಗೇಟಿನ ಎದುರಿನ ಟಪರಿ ಅಂಗಡಿಯಲ್ಲಿ ಬಾಟಲಿಗಳು ಈಗಲೂ ಐಸ್ ಡಬ್ಬಿಯಲ್ಲಿ ಮೂತಿ ಮೇಲೆ ಮಾಡಿ ಕೂತಿರುತ್ತವೆ.

ವೇದಿಕೆಯ ಮೇಲೆ ಏನು ಮಾಡಬಾರದು?

ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಮೊದಲ ವರ್ಷ ಒಬ್ಬನಿಂದ ವಶಪಡಿಸಿಕೊಂಡ ವೇಪನ್ನು ಕೈಯಲ್ಲಿ ಎತ್ತಿ ತೋರಿಸಿದೆ. ಯಾವ ಯಾವ ಪರಿಮಳ ಬರುತ್ತದೆ ಅಂತಲೂ ಪಟ್ಟಿ ಓದಿದೆ. ಭಾಷಣ ಮುಗಿದ ಮೇಲೆ ಏಳನೇ ತರಗತಿಯ ಪುಟ್ಟ ಹುಡುಗಿ ಬಂದು, "ಟೀಚರ್, ಅದು ಎಷ್ಟು ರೂಪಾಯಿ?" ಅಂತ ಕೇಳಿದಳು. ಜಾಹೀರಾತು ಮಾಡಿದ್ದು ನಾನೇ. ಅಂದಿನಿಂದ ವಸ್ತು ತೋರಿಸುವುದಿಲ್ಲ, ಪರಿಮಳದ ಹೆಸರು ಹೇಳುವುದಿಲ್ಲ, ಏಳನೇ ತರಗತಿಯವರನ್ನು ಕೂರಿಸುವುದೂ ಇಲ್ಲ.

ಕಪ್ಪು ಶ್ವಾಸಕೋಶದ ಚಿತ್ರ ಬೇಡ. ಅದು ಸಿಗರೇಟಿನ ಟಾರ್‌ನದು, ವೇಪ್‌ನದಲ್ಲ. ಒಬ್ಬ ಹುಡುಗ ಅದನ್ನು ಹಿಡಿದುಬಿಟ್ಟರೆ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪ್‌ನಿಂದ ಶ್ವಾಸಕೋಶಕ್ಕೆ ಪೆಟ್ಟಾಗಿ 2020ರ ಫೆಬ್ರವರಿ ಹೊತ್ತಿಗೆ 68 ಜನ ಸತ್ತದ್ದು ನಿಜ. ಆದರೆ ಅದರಲ್ಲಿ ಬಹುಪಾಲು ಗಾಂಜಾದ ಸಾರ ತುಂಬಿದ, ವಿಟಮಿನ್ ಇ ಅಸಿಟೇಟ್ ಬೆರೆಸಿದ ಮಾಲಿನ ಪ್ರಕರಣ. ಹೇಳುವುದಾದರೆ ಇದನ್ನೂ ಸೇರಿಸಿ ಹೇಳಿ.

ಭಾಷಣ ಮುಗಿದ ಮೇಲೆ ಒಂದು ಮಗು ಬಂದು "ನಾನು ಸೇದುತ್ತೇನೆ" ಅಂದರೆ?

ಮೊದಲ ಮಾತು "ಹೇಳಿದ್ದು ಒಳ್ಳೆಯದಾಯಿತು" ಅಂತಿರಲಿ. ಎಷ್ಟು ದಿನದಿಂದ, ಎದ್ದ ಎಷ್ಟು ಹೊತ್ತಿಗೆ ಮೊದಲ ಪಫ್ ಬೇಕಾಗುತ್ತದೆ ಅಂತ ಕೇಳಿ. ಹಾಸಿಗೆಯಿಂದ ಏಳುತ್ತಿದ್ದಂತೆಯೇ ಬೇಕು ಅಂದರೆ ಹಿಡಿತ ಗಟ್ಟಿಯಾಗಿದೆ. ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮೂರನೇ ದಿನ "ನನ್ನ ಕೈಲಾಗಲ್ಲ" ಅಂತ ಕೈಬಿಡುತ್ತಾನೆ. ಆ ದಿನಗಳು ಪರೀಕ್ಷೆಯ ವಾರದಲ್ಲಿ ಬೀಳದ ಹಾಗೆ ತಾರೀಕು ಗೊತ್ತುಮಾಡಿ. ಚಡಪಡಿಕೆಗೆ ಎನರ್ಜಿ ಡ್ರಿಂಕ್ ಹಿಡಿಯದ ಹಾಗೂ ನೋಡಿಕೊಳ್ಳಿ, ಹುಡುಗರು ಹಾಗೆ ಮಾಡುತ್ತಾರೆ.

ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ದುಡ್ಡಿಲ್ಲ. ಅದರ ಕೇಂದ್ರಗಳಲ್ಲಿ ಒಂದು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಇನ್ನೊಂದು ಬೆಂಗಳೂರಿನ ನಿಮ್ಹಾನ್ಸ್. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್, 14416. ನಿಕೋಟಿನ್ ಚೂಯಿಂಗ್ ಗಮ್ ಮಕ್ಕಳಿಗೆ ನೀವೇ ತಂದುಕೊಡಬೇಡಿ, ಅದನ್ನು ಡಾಕ್ಟರ್ ನಿರ್ಧರಿಸಲಿ.

ಎಂಥ ಲಕ್ಷಣ ಕಂಡರೆ ಕಾಯಬಾರದು?

ಎದೆನೋವು, ನಿಲ್ಲದ ಎದೆಬಡಿತ, ಉಸಿರಾಟಕ್ಕೆ ಕಷ್ಟ, ಮತ್ತೆ ಮತ್ತೆ ವಾಂತಿ, ತಲೆಸುತ್ತಿ ಬೀಳುವುದು, ಫಿಟ್ಸ್. 108ಕ್ಕೆ ಫೋನ್ ಮಾಡಿ. ಕುಡಿದ ಬಾಟಲಿ, ಸೇದಿದ ವಸ್ತು ಸಿಕ್ಕರೆ ಜೊತೆಗೇ ತೆಗೆದುಕೊಂಡು ಹೋಗಿ. ಮಗು ಏನು ತೆಗೆದುಕೊಂಡಿದೆ ಅಂತ ಗೊತ್ತಾದರೆ ಡಾಕ್ಟರ ಅರ್ಧ ಕೆಲಸ ಹಗುರವಾಗುತ್ತದೆ. ವೇಪ್‌ನ ದ್ರವವನ್ನು ಸಣ್ಣ ಮಗು ಬಾಯಿಗೆ ಹಾಕಿಕೊಂಡರೆ ಲಕ್ಷಣಕ್ಕೆ ಕಾಯಲೇಬಾರದು.

ನಮ್ಮದೇ ಹೋಟೆಲಿನ ಫ್ರಿಜ್‌ನಲ್ಲಿ ಈ ಬಾಟಲಿ ಇಡುತ್ತೇವೆ. ನಾನು ಏನು ಮಾಡಲಿ?

ಇದನ್ನು ಪೋಷಕರ ಸಭೆಯಲ್ಲಿ ಕುಂದಾಪುರ ಕಡೆಯ ಒಬ್ಬರು ಕೇಳಿದರು. ಸ್ಟೇಷನ್ ಹೊರಗೆ ಅವರ ಸಣ್ಣ ಹೋಟೆಲ್. ಅವರ ಮಗಳು ನನ್ನ ತರಗತಿಯಲ್ಲೇ ಇದ್ದಾಳೆ. ಮಾರಬೇಡಿ ಅಂತ ನಾನು ಹೇಳಲಿಲ್ಲ. ಮಾರುವುದು ಕಾನೂನಿನಲ್ಲಿ ತಪ್ಪಲ್ಲ, ಬಾಡಿಗೆ ಕಟ್ಟುವವರು ಅವರು. ಬಾಟಲಿ ತಿರುಗಿಸಿ ಹಿಂದಿನ ಸಾಲು ಓದಿ ಅಂದೆ. ಕನ್ನಡಕ ಹಾಕಿಕೊಂಡು ಓದಿದರು. "ಹೋಯ್, ಮಕ್ಕಳಿಗೆ ಬೇಡ ಅಂತ ಅವರೇ ಬರೆದಿದ್ದಾರಲ್ಲ ಮಾರಾಯ್ರೆ!" ಅಂದರು.

ಈಗ ಅವರು ಯೂನಿಫಾರ್ಮ್‌ನಲ್ಲಿ ಬಂದವರಿಗೆ ಕೊಡುವುದಿಲ್ಲ. ಬಾಟಲಿಗಳು ಫ್ರಿಜ್‌ನ ಮೇಲಿನ ತಟ್ಟೆಗೆ ಹೋಗಿವೆ, ಕಣ್ಣಿಗೆ ಬೀಳುವ ನಡುವಿನ ತಟ್ಟೆಯಲ್ಲಿ ಮಜ್ಜಿಗೆ, ಕೋಕಂ ಶರಬತ್ತು. ವ್ಯಾಪಾರ ಸ್ವಲ್ಪ ಇಳಿಯಿತಂತೆ. ಬಿಳಿ ಅಂಗಿ ಕಳಚಿ ಬ್ಯಾಗಿಗೆ ತುರುಕಿ ಬನಿಯನ್‌ನಲ್ಲೇ ಬಂದು ಕೇಳಿದ ಇಬ್ಬರು ಹುಡುಗರ ವಿಷಯವನ್ನೂ ಅವರೇ ಹೇಳಿದರು. ಕೊರಳಿನ ಐಡಿ ಕಾರ್ಡ್ ತೆಗೆಯಲು ಮರೆತಿದ್ದರಂತೆ.